ಸಂಜೆ ಮಾತ್ರ ಕಾಣುತ್ತಿದ್ದ ಬಟನ್

ಬಹ್ರೇನ್‌ನ ಸೀಫ್‌ನಲ್ಲಿ, ಊರಿಗೆ ಹಣ ಕಳುಹಿಸುವ ಆ್ಯಪ್ ಮಾಡುವ ಕಚೇರಿ ನಮ್ಮದು. ಕಳೆದ ಸಲ ಹಣ ಪಡೆದವರಿಗೇ ಮತ್ತೆ ಕಳುಹಿಸುವ ಬಟನ್ ನಾನು ಸ್ವತಂತ್ರವಾಗಿ ಮಾಡಿದ ಮೊದಲ ಕೆಲಸ. ಅದನ್ನು ಬಹ್ರೇನ್‌ನ ಗ್ರಾಹಕರಿಗೆ ಹಂತ ಹಂತವಾಗಿ ತೆರೆಯುತ್ತಿದ್ದೆವು. ಅರ್ಧದಷ್ಟು ಜನರಿಗೆ ತೆರೆದಾಗ, ಬಂದ ಬಟನ್ ಮಾಯವಾಗುತ್ತಿದೆ ಎಂಬ ದೂರುಗಳು ಶುರುವಾದವು. ಸಂಜೆಯೊಳಗೆ ಕಾರಣ ಸಿಗದಿದ್ದರೆ ಅದನ್ನು ತೆಗೆದುಬಿಡಿ ಎಂದರು ಮ್ಯಾನೇಜರ್.

ನನ್ನ ಅನುಮಾನವೆಲ್ಲ ಆ ಅರ್ಧ ಜನರನ್ನು ಆರಿಸುವ ಲೆಕ್ಕದ ಮೇಲೆಯೇ ಇತ್ತು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ, ಮಂಗಳೂರಿನ ಅಕ್ಕ, ಒಪ್ಪಲಿಲ್ಲ.

"ಆ ಲೆಕ್ಕ ಗ್ರಾಹಕರ ಐಡಿ ಮೇಲೆ ಮಾರಾಯ್ತಿ. ಒಮ್ಮೆ ಒಳಗೆ ಬಂದವ ಒಳಗೇ. ಹೋಗಿ ಬಂದು ಮಾಡ್ಲಿಕ್ಕೆ ಅದೆಂತ ನೆಂಟರ ಮನೆಯಾ? ಬದಲಾಗುವುದು ಬೇರೆ ಎಂತದೋ ಉಂಟು."

ದೂರು ಕೊಟ್ಟಿದ್ದ ಉಡುಪಿಯವರೊಬ್ಬರಿಗೆ ಅವರೇ ಫೋನ್ ಮಾಡಿ, ಸ್ಪೀಕರ್ ಹಾಕಿದರು. "ಬಟನ್ ಕಾಣದಾಗ ನೀವು ಎಲ್ಲಿರ್ತೀರಿ ಅಣ್ಣಾ?"

"ಈಗ ಇದ್ದ ಹಾಗೆ, ಸೌದಿಯ ಖೋಬಾರ್‌ನಲ್ಲಿ ಡ್ಯೂಟಿಯಲ್ಲಿ. ಸಂಜೆ ಕಾಸ್‌ವೇ ಸೇತುವೆ ದಾಟಿ ಬಹ್ರೇನ್‌ನ ಮನೆಗೆ ಬಂದ್ರೆ ಕಾಣ್ತದೆ."

ಬಟನ್ ಯಾರಿಗೆ ಕಾಣಬೇಕು ಎಂಬ ನಿಯಮವನ್ನು ನಾವು ತೆರೆದು ನೋಡಿದೆವು. ದೇಶ ಬಹ್ರೇನ್ ಎಂದೇ ಇತ್ತು. ಆದರೆ ಅದು ಖಾತೆಯ ದೇಶವಲ್ಲ, ಫೋನ್ ಆ ಹೊತ್ತಿಗೆ ಎಲ್ಲಿಂದ ಇಂಟರ್‌ನೆಟ್ ಬಳಸುತ್ತಿದೆಯೋ ಆ ದೇಶ. ಹಗಲು ಸೌದಿಯಲ್ಲಿ ದುಡಿಯುವವರು ದಿನವೂ ನಿಯಮದಿಂದ ಹೊರಗೆ ಬೀಳುತ್ತಿದ್ದರು. ಅದನ್ನು ಖಾತೆಯ ದೇಶಕ್ಕೆ ಬದಲಿಸಿ ಉಳಿಸಿದೆ.

"ಈಗ ಆ್ಯಪ್ ಮುಚ್ಚಿ ತೆರೀರಿ," ಎಂದರು ಅವರು ಫೋನಿನಲ್ಲಿ.

"ಬಂತು ಅಕ್ಕಾ."

ನಾನು ಬೆಳಗಿನಿಂದ ಪರದೆಯನ್ನೇ ನೋಡುತ್ತಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ಮ್ಯಾನೇಜರಿಗೆ ಹೇಳಲು ನನ್ನನ್ನೇ ಕಳುಹಿಸಿ, ತಮ್ಮ ಚಹಾ ಮುಗಿಸಲು ಕುಳಿತರು.