ತಿರುಗಿ ಬಾರದ ಫ್ಲಾಪಿ

ಆ ಕಾಗದವನ್ನು ಮೂರು ಸಲ ಬರೆದೆ. ಮೊದಲನೆಯದರಲ್ಲಿ ವಿನಂತಿ ಹೆಚ್ಚಾಗಿತ್ತು, ಎರಡನೆಯದರಲ್ಲಿ ಸೊಕ್ಕು. ಮೂರನೆಯದರಲ್ಲಿ ನಾಲ್ಕೇ ಸಾಲು ಉಳಿದವು. ಸಂದರ್ಶನದ ಬದಲು ನನಗೊಂದು ಸಣ್ಣ ಕೆಲಸ ಕೊಡಿ. ಏಳು ದಿನದಲ್ಲಿ ಮುಗಿಸಿ ತರುತ್ತೇನೆ. ಅದಕ್ಕೆ ಐದು ನೂರು ರೂಪಾಯಿ ಕೊಡಿ. ಹಿಡಿಸಿದರೆ ನೌಕರಿಗೆ ತೆಗೆದುಕೊಳ್ಳಿ, ಹಿಡಿಸದಿದ್ದರೆ ಕಾರಣ ಹೇಳಬೇಕಾಗಿಲ್ಲ.

ಕೊನೆಯ ಸಾಲು ಬರೆದಾಗ ಅದು ಸೌಜನ್ಯ ಎಂದುಕೊಂಡಿದ್ದೆ.

ನನ್ನ ಕಂಪ್ಯೂಟರ್ ಪದವಿ ಮುಗಿದು ಆರು ತಿಂಗಳಾಗಿತ್ತು. ಎರಡು ಸಂದರ್ಶನಗಳಿಗೆ ಹೋಗಿದ್ದೆ. ಕೇಳಿದ ಪ್ರಶ್ನೆಗಳ ಉತ್ತರ ಗೊತ್ತಿತ್ತು, ಆದರೆ ಮೇಜಿನ ಆಚೆ ನಾಲ್ಕು ಮುಖಗಳು ಕಾಯುತ್ತ ಕುಳಿತಾಗ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಹೆಸರು, ಊರು ಹೇಳಿ ಸುಮ್ಮನಾದೆ. ಇನ್ನೊಂದು ಸಲ ಹಾಗಾಗುವುದು ಬೇಡವಾಗಿತ್ತು. ಏನೂ ಸಿಗದಿದ್ದರೆ ಖಾನಾಪುರದ ನಮ್ಮ ಓಣಿಯ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುವ ಕೆಲಸ ನನಗಾಗಿ ಕಾದಿತ್ತು. ಅಪ್ಪ ಅಲ್ಲಿ ಮಾತಾಡಿ ಇಟ್ಟಿದ್ದರು.

ಕಾಗದ ತೆಗೆದುಕೊಂಡು ಹೋದದ್ದು ಬೆಳಗಾವಿಯ ವಡಗಾವಿಗೆ. ಪುಣೆಯಲ್ಲಿ ಐದಾರು ವರ್ಷ ದುಡಿದು ಬಂದ ಒಬ್ಬರು ಅಲ್ಲಿ ಹೊಸದಾಗಿ ಸಾಫ್ಟ್‌ವೇರ್ ಕಂಪನಿ ತೆಗೆದಿದ್ದಾರೆಂದು ಕಾಲೇಜಿನ ಲ್ಯಾಬಿನಲ್ಲಿ ಕೇಳಿದ್ದೆ. ಕಂಪನಿ ಎಂದರೆ ಒಂದು ಪವರ್‌ಲೂಮ್ ಶೆಡ್ಡಿನ ಮಾಳಿಗೆಯ ಮೇಲಿನ ಕೋಣೆ, ಮೂರು ಕಂಪ್ಯೂಟರು, ಅವರು ಮತ್ತು ಅವರ ಒಬ್ಬ ಗೆಳೆಯರು. ಬೋರ್ಡು ಬಂದಿತ್ತು, ಇನ್ನೂ ತೂಗುಹಾಕಿರಲಿಲ್ಲ, ಗೋಡೆಗೆ ಒರಗಿತ್ತು. ಕೆಳಗಿನ ಮಗ್ಗಗಳ ಸದ್ದಿಗೆ ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳುತ್ತಿತ್ತು.

ಅವರು ಕಾಗದವನ್ನು ಎರಡು ಸಲ ಓದಿದರು.

“ಏನ್ರಿ ಮೇಡಂ, ಇಂಟರ್ವ್ಯೂ ನಾ ತಗೋಬೇಕೋ, ನೀವ ನಂದು ತಗೋತೀರೋ?”

ನಾನು ಉರುಳುತ್ತಿದ್ದ ಪೆನ್ನನ್ನು ಹಿಡಿದು ನಿಲ್ಲಿಸಿದೆ. ಗೆಳೆಯರು ಅತ್ತಲಿಂದ, “ಹೂಂ ಅನ್ನಪಾ, ಮಾತಾಡದ ಮಂದಿ ಕೆಲಸ ಮಾಡ್ತಾರ. ನಿನ್ನಂಗಲ್ಲ,” ಎಂದರು.

“ಆತು. ಆದ್ರ ಒಂದ ಮಾತ ಕೇಳ್ರಿ,” ಅವರು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡರು. “ರೊಕ್ಕ ಕೊಡ್ತೀನಿ ಅಂದ ಮ್ಯಾಲ ಬೈಯಾಕೂ ನನಗ ಹಕ್ಕ ಬರ್ತೈತಿ. ಸರಿ ಇಲ್ಲಂದ್ರ ತಿರುಗಿ ಕೊಡ್ತೀನಿ. ಎರಡ ಸಲ ಕೊಡ್ತೀನಿ, ಮೂರ ಸಲ ಕೊಡ್ತೀನಿ. ಅಳೂದಿಲ್ಲಲ್ಲ?”

“ಇಲ್ರಿ,” ಎಂದೆ.

ಕೆಲಸ ಕೆಳಗಿನ ಶೆಡ್ಡಿನ ಮಾಲೀಕರದು. ಅವರ ಮಗ್ಗಗಳು ನಾಲ್ಕು ಓಣಿಗಳಲ್ಲಿ ಹಂಚಿಹೋಗಿದ್ದವು. ಸೀರೆ ವ್ಯಾಪಾರಿಗಳು ಫೋನು ಮಾಡಿ ಇಂಥ ಡಿಸೈನಿನ ಸೀರೆ ಯಾವಾಗ ಸಿಗುತ್ತದೆ ಎಂದು ಕೇಳಿದರೆ, ಅದು ಯಾವ ಮಗ್ಗದ ಮೇಲಿದೆಯೆಂದು ನೋಡಲು ಓಣಿ ಓಣಿ ಸುತ್ತಬೇಕಿತ್ತು. ಡಿಸೈನಿನ ನಂಬರು ಹೊಡೆದರೆ ಮಗ್ಗದ ನಂಬರು, ಓಣಿ, ಇನ್ನೆಷ್ಟು ಸೀರೆ ಬಾಕಿ ಎನ್ನುವುದು ತೆರೆಯ ಮೇಲೆ ಬರಬೇಕು. ಅಷ್ಟೇ.

“ಮಗ್ಗ ಹ್ಯಾಂಗ ನಡೀತಾವ ಅಂತ ನೋಡಬೇಕಂದ್ರ ಕೆಳಗ ಇಳೀರಿ, ಮಾಲಕರು ತೋರಸ್ತಾರ,” ಎಂದರು ಕಂಪನಿಯವರು. ಹಾಗೆಯೇ ನನ್ನ ಊರು ಕೇಳಿದರು. ಖಾನಾಪುರ ಎಂದೆ. “ಹೌದಾ? ನಮ್ಮವ್ವನ ತವರಮನಿ ಬೀಡಿ, ನಿಮ್ಮ ತಾಲೂಕ. ಬಸದಿ ಹಿಂದಿನ ಓಣಿ,” ಎಂದರು.

ನಾನು ಕೆಳಗಿಳಿದೆ. ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಒಳಗೆಲ್ಲ ಗಂಡಸರು, ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸದ್ದು, ಕೂಗಿ ಕೇಳಬೇಕು. ಒಂದು ಕ್ಷಣ ನಿಂತು ಬಸ್ಸಿಗೆ ಹೋದೆ.

ಮುಂದಿನ ದಿನಗಳಲ್ಲಿ ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಬೆಳಗಾವಿಗೆ ಬಂದು, ನಾನು ಕಲಿತ ಕಾಲೇಜಿನ ಲ್ಯಾಬಿನ ಮೂಲೆಯಲ್ಲಿ ಕೂತು ಪ್ರೋಗ್ರಾಮ್ ಬರೆದೆ. ಪರೀಕ್ಷಿಸಿ ನೋಡಲು ಮಾಹಿತಿ ಬೇಕಲ್ಲ, ಅದನ್ನು ನಾನೇ ತಯಾರಿಸಿದೆ. ಹನ್ನೊಂದು ಮಗ್ಗ, ಹನ್ನೊಂದು ಡಿಸೈನು. ಪ್ರತಿಯೊಂದು ನಂಬರೂ ಹೊಡೆದಾಕ್ಷಣ ತನ್ನ ಮಗ್ಗವನ್ನು ತೋರಿಸುತ್ತಿತ್ತು. ಅಕ್ಷರಗಳ ಸಾಲು ಒಂದು ಗೆರೆ ಆಚೀಚೆಯಾಗದಂತೆ ಹೊಂದಿಸಿದೆ. ಅದರಲ್ಲಿ ನನಗೆ ಖುಷಿಯಿತ್ತು.

ಐದನೆಯ ದಿನ ರೊಟ್ಟಿ ಬಡಿಯುತ್ತಿದ್ದ ಅವ್ವ ಕೇಳಿದಳು, “ಅಂವ ಯಾರಂವಾ, ಎಲ್ಲಿಯಾಂವಾ?” ನನಗೆ ಗೊತ್ತಿದ್ದದ್ದು ಒಂದೇ ವಿಷಯ. ಅದನ್ನೇ ಹೇಳಿದೆ.

ಅವ್ವನ ಕೈ ನಿಂತಿತು. “ಬೀಡಿ ಅಂದೀ? ಬಸದಿ ಹಿಂದಿನ ಓಣಿ? ಅಯ್ಯ, ಅವರವ್ವ ನನಗ ಅಕ್ಕ ಆಗಬೇಕಲ! ಒಂದ ಕಟ್ಟಿ ಮ್ಯಾಲ ಕುಂತು ಗಜಗ ಆಡೀವಿ. ಅಂವ ನಿನಗ ಅಣ್ಣ ಆದಾ.”

“ಆದ್ರ ಆಗ್ಲಿ ಬಿಡವ್ವಾ.”

“ಮತ್ತ ಅಣ್ಣನ ಕಡೆ ಕೂಲಿ ಇಸ್ಕೊಳ್ಳಾಕ ಹೊಂಟೀಯೇನ?”

“ಕೂಲಿ ಅಲ್ಲವ್ವಾ, ಪರೀಕ್ಷಾ ಇದ್ದಂಗ.”

“ಪರೀಕ್ಷಾಕ ಯಾರರ ರೊಕ್ಕ ಕೊಡ್ತಾರೇನ? ಫೀ ಕಟ್ಟಿಸ್ಕೋತಾರ,” ಎಂದು ಅವ್ವ ನಕ್ಕಳು. ಆಮೇಲೆ ಗಂಭೀರವಾಗಿ, “ನಾನೂ ಬರ್ತೀನಿ ಆ ದಿವಸ. ಅಕಿ ಹ್ಯಾಂಗದಾಳ ಕೇಳಿದಂಗಾಗ್ತದ,” ಎಂದಳು.

ಏಳನೆಯ ದಿನ ನನ್ನ ಚೀಲದಲ್ಲಿ ಫ್ಲಾಪಿ, ಅವ್ವನ ಚೀಲದಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಮಾಳಿಗೆ ಹತ್ತಿ ಹೋದ ಹತ್ತು ನಿಮಿಷಗಳಲ್ಲಿ ಅವ್ವ ಮತ್ತು ಅವರ ನಡುವೆ ಬೀಡಿಯ ಅರ್ಧ ಊರು ಬಂದು ಹೋಯಿತು. ಅವರು ಚಿಕ್ಕಮ್ಮನನ್ನು ಕರೆಯುವಂತೆ ಅವ್ವನಿಗೆ ‘ಮಾಂಶಿ’ ಎಂದರು. ನನಗೆ ಅಲ್ಲಿಯವರೆಗೆ ‘ಮೇಡಂ’ ಎನ್ನುತ್ತಿದ್ದವರು, “ತಾ ತಂಗಿ, ಏನ ಮಾಡಿ ನೋಡೂಣು,” ಎಂದು ಕೈ ಚಾಚಿದರು.

ಫ್ಲಾಪಿ ಹಾಕಿದರು. ಪ್ರೋಗ್ರಾಮ್ ತೆರೆಯಿತು. ನನ್ನ ಹನ್ನೊಂದು ಮಗ್ಗಗಳ ಮಾಹಿತಿಯನ್ನು ಅವರು ಅಳಿಸಿದರು. ಡ್ರಾಯರಿನಿಂದ ಮಾಲೀಕರ ಕೈಬರಹದ ಹಾಳೆ ತೆಗೆದು ಅದರಲ್ಲಿದ್ದುದನ್ನು ತುಂಬಿದರು. ಬಳಿಕ ಒಂದು ಡಿಸೈನಿನ ನಂಬರು ಹೊಡೆದರು. ತೆರೆಯ ಮೇಲೆ ಒಂದು ಮಗ್ಗ ಬಂತು. ನಾನು ಹಾಳೆಯ ಕಡೆ ನೋಡಿದೆ. ಅದೇ ನಂಬರು ಮೂರು ಕಡೆ ಇತ್ತು.

ಚೆನ್ನಾಗಿ ಮಾರಾಟವಾಗುವ ಡಿಸೈನನ್ನು ಯಾರಾದರೂ ಒಂದೇ ಮಗ್ಗದ ಮೇಲೆ ಏಕೆ ನೇಯಿಸುತ್ತಾರೆ? ಶೆಡ್ಡಿನೊಳಗೆ ಹತ್ತು ಹೆಜ್ಜೆ ಇಟ್ಟಿದ್ದರೆ ಕಣ್ಣಿಗೆ ಬೀಳುತ್ತಿತ್ತು: ಒಂದೇ ಸೀರೆ, ಅಕ್ಕಪಕ್ಕದ ಮೂರು ಮಗ್ಗ. ನನ್ನ ಪ್ರೋಗ್ರಾಮ್ ಮೊದಲು ಸಿಕ್ಕಿದ್ದನ್ನು ತೋರಿಸಿ ನಿಂತುಬಿಡುತ್ತಿತ್ತು.

ಅವರು ಇನ್ನೊಮ್ಮೆ ಹೊಡೆದರು. ಮತ್ತೆ ಅದೇ ಒಂದು ಮಗ್ಗ. “ಇದರಾಗ…” ಎಂದು ಶುರು ಮಾಡಿ ತಡೆದರು. ಹೋಳಿಗೆಯ ಡಬ್ಬಿ ಮೇಜಿನ ಮೇಲಿತ್ತು. ಅವ್ವ ಅವರ ಗೆಳೆಯರಿಗೆ ಒಂದು ಹೋಳಿಗೆ ಒತ್ತಾಯ ಮಾಡುತ್ತಿದ್ದಳು. ಅವರು ಡ್ರಾಯರಿನಿಂದ ಲಕೋಟೆಯೊಂದನ್ನು ತೆಗೆದರು. ಮೊದಲೇ ತಯಾರಾಗಿಟ್ಟಿದ್ದರು. ಅದನ್ನು ನನ್ನ ಕಡೆ ಚಾಚಿ, ನನ್ನ ಮುಖವನ್ನೇ ನೋಡುತ್ತ ಕೇಳಿದರು:

“ತಗೋತೀ ಅಲ್ಲ?”

ಅವ್ವ ಆಗ ಏನೂ ಅನ್ನಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಎಷ್ಟೋ ವರ್ಷ ನಾನು ಮನಸ್ಸಿನಲ್ಲೇ ಅವ್ವನನ್ನು ದೂರಿದ್ದೇನೆ. ಆಕೆ ಹೋಳಿಗೆ ಹಂಚುತ್ತಿದ್ದಳು, ಈ ಕಡೆ ನೋಡಲೂ ಇಲ್ಲ. ಆ ಲಕೋಟೆ ತೆಗೆದುಕೊಂಡಿದ್ದರೆ ಅದರ ಹಿಂದೆಯೇ ಬರುವ ಮಾತು ಏನೆಂದು ನನಗೆ ತಿಳಿದಿತ್ತು. ಇದು ಸರಿ ಇಲ್ಲ, ಕೆಳಗಿಳಿದು ನೋಡಿದ್ಯಾ, ಇಲ್ಲ ಅಂದ್ರ ಯಾಕ ನೋಡ್ಲಿಲ್ಲ. ಅದಕ್ಕೆ ನಾನು ಬಾಯಿಬಿಟ್ಟು ಉತ್ತರ ಹೇಳಬೇಕಾಗುತ್ತಿತ್ತು, ಅವ್ವನ ಎದುರಿಗೆ.

“ಇರ್ಲಿ ಬಿಡ್ರಿ ಅಣ್ಣಾ,” ಎಂದೆ. “ನಮ್ಮ ನಮ್ಮೊಳಗ ಏನ ರೊಕ್ಕ.”

ಅವರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಬಳಿಕ ಲಕೋಟೆ ಡ್ರಾಯರಿಗೆ ಹೋಯಿತು.

“ಚಲೋ ಆಗೈತಿ ತಂಗಿ,” ಎಂದರು. “ತಿಳಸ್ತೀನಿ.”

ದಾರಿಯಲ್ಲಿ ಅವ್ವ ಬಹಳ ಖುಷಿಯಲ್ಲಿದ್ದಳು.

ಮರುದಿನವೇ ಲ್ಯಾಬಿಗೆ ಹೋಗಿ ತಪ್ಪು ತಿದ್ದಿದೆ. ಅರ್ಧ ತಾಸಿನ ಕೆಲಸ. ತಿದ್ದಿದ ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಅವರು ಕರೆದರೆ ಒಯ್ಯೋಣ, ಅವರೇ ‘ಇದರಾಗ ತಪ್ಪೈತಿ’ ಎಂದಾಗ ಕೊಡೋಣ ಎಂದು ಕಾದೆ. ಪಕ್ಕದ ಮನೆಯ ಫೋನ್ ನಂಬರು ಕೊಟ್ಟಿದ್ದೆ. ಅದು ಸದ್ದು ಮಾಡಿದಾಗಲೆಲ್ಲ ಹಿತ್ತಲಿನಿಂದ ಮುಂಬಾಗಿಲಿಗೆ ಬರುತ್ತಿದ್ದೆ. ಒಂದು ವಾರವಾಯಿತು, ಎರಡಾಯಿತು. ನಾಲ್ಕನೆಯ ವಾರ ನಾನೇ ಹೋದೆ.

ಬೋರ್ಡು ಮೇಲೇರಿತ್ತು. ಮೂರನೆಯ ಕಂಪ್ಯೂಟರಿನ ಮುಂದೆ ನನ್ನದೇ ವಯಸ್ಸಿನ ಒಬ್ಬ ಹುಡುಗಿ ಕೂತಿದ್ದಳು. ಅವರು ಫೋನಿನಲ್ಲಿದ್ದರು, ಕುಳಿತುಕೊಳ್ಳಲು ಕೈಸನ್ನೆ ಮಾಡಿದರು. ಹುಡುಗಿ ಸರಿದು ಜಾಗ ಕೊಟ್ಟಳು.

“ನೀವೂ ಟ್ರಾಯಲ್‌ಗೆ ಬಂದೀರೇನ್ರಿ?”

“ಟ್ರಾಯಲ್?”

“ಇಲ್ಲಿ ಇಂಟರ್ವ್ಯೂ ಇಲ್ರಿ. ಒಂದ ವಾರ ಕೆಲಸ ಕೊಡ್ತಾರ, ಐದ ನೂರ ಕೊಡ್ತಾರ.” ಅವಳು ದನಿ ತಗ್ಗಿಸಿದಳು. “ಆದ್ರ ಜೀಂವಾ ತಿಂತಾರ್ರಿ ಖರೇ. ನಂದು ಎರಡ ಸಲ ತಿರುಗಿ ಕೊಟ್ರು. ಎರಡನೇ ಸಲ ಹಿಂಗ ಬೈದ್ರಂದ್ರ, ನಾ ಕೆಳಗ ಹೋಗಿ ಮಗ್ಗದ ಮುಂದ ಕುಂತ ಅತ್ತೇನ್ರಿ. ಆಮ್ಯಾಲ ತಗೊಂಡ್ರು.”

ಬೈಸಿಕೊಂಡದ್ದನ್ನು ಅವಳು ಬಹುಮಾನ ಬಂದವರಂತೆ ಹೇಳುತ್ತಿದ್ದಳು. ಅಷ್ಟು ಹೊಟ್ಟೆಕಿಚ್ಚು ನನಗೆ ಯಾರ ಮೇಲೂ, ಯಾವುದಕ್ಕೂ ಬಂದದ್ದಿಲ್ಲ.

ಅವರು ಫೋನಿಟ್ಟು ಬಂದರು. “ಏನ ತಂಗಿ, ಮಾಂಶಿ ಹ್ಯಾಂಗದಾರ?” ಎಂದರು. ನಾನು ಕರವಸ್ತ್ರ ಬಿಚ್ಚಿ ಫ್ಲಾಪಿ ಮೇಜಿನ ಮೇಲಿಟ್ಟು, ಅದರಲ್ಲೊಂದು ತಪ್ಪಿತ್ತು, ತಿದ್ದಿದ್ದೇನೆ ಎಂದೆ.

“ಅಯ್ಯ, ಅದನ್ನ ನಾವ ಆವತ್ತ ಸರಿ ಮಾಡಿದ್ವಿ. ನಿನಗ್ಯಾಕ ತ್ರಾಸು.”

“ಹೇಳ್ಬೇಕಿತ್ರಿ ನನಗ.”

ಅವರು ಕುರ್ಚಿಯಲ್ಲಿ ಕುಳಿತರು. ಸಿಟ್ಟಿರಲಿಲ್ಲ, ಸ್ವಲ್ಪ ಬೇಸರವಿತ್ತು. “ಹ್ಯಾಂಗ ಹೇಳ್ಲಿ? ಮೊದಲನೇ ಸಲ ಯಾರೂ ಸರಿ ಮಾಡೂದಿಲ್ಲ, ನನಗ ಗೊತ್ತೈತಿ. ಎರಡನೇ ಸಲ ಹ್ಯಾಂಗ ಮಾಡ್ತಾರ ಅನ್ನೂದ ನೋಡಬೇಕಿತ್ತ ನಾ. ರೊಕ್ಕಾನ ಬ್ಯಾಡ ಅಂದಾಕಿಗೆ ಇನ್ನೊಮ್ಮಿ ಮಾಡ್ಕೊಂಡ ಬಾ ಅಂತ ಹ್ಯಾಂಗ ಅನ್ಲಿ? ಹೋಳಿಗಿ ಬ್ಯಾರೆ ತಿಂದೀನಿ.” ಅವರು ನಕ್ಕರು. “ಮತ್ತ ನೀನ ಕಾಗದದಾಗ ಬರ್ದೀಯಲ್ಲ, ಕಾರಣ ಹೇಳಬೇಕಾಗಿಲ್ಲ ಅಂತ.”

ಆ ಹೊತ್ತಿಗೂ ಬಾಗಿಲು ಮುಚ್ಚಿರಲಿಲ್ಲ ಎಂದು ಈಗ ಅನಿಸುತ್ತದೆ. ‘ಆ ಲಕೋಟೆ ಈಗ ಕೊಡ್ರಿ, ಬೈರಿ, ಇನ್ನೊಂದು ಕೆಲಸ ಕೊಡ್ರಿ’ ಎನ್ನಬಹುದಿತ್ತು. ಪಕ್ಕದಲ್ಲಿದ್ದ ಹುಡುಗಿಯಾಗಿದ್ದರೆ ಅನ್ನುತ್ತಿದ್ದಳು. ವಾಕ್ಯ ನನ್ನಲ್ಲಿ ತಯಾರಾಗಿಯೇ ಇತ್ತು. ಅವರು ಚಹಾ ತರಿಸಿದರು, ನಾನು ಕುಡಿದೆ, ಅವ್ವನಿಗೆ ನಮಸ್ಕಾರ ತಿಳಿಸುವಂತೆ ಹೇಳಿದರು, ಹೂಂ ಎಂದೆ.

ಕೆಳಗಿಳಿದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಈ ಸಲ ಒಳಗೆ ಹೋದೆ. ಯಾರೂ ಏನೂ ಅನ್ನಲಿಲ್ಲ. ದಾರ ಕೂಡಿಸುತ್ತಿದ್ದ ಮುದುಕರೊಬ್ಬರು ಸರಿದು ಜಾಗ ಬಿಟ್ಟರು. ಅಕ್ಕಪಕ್ಕದ ಮೂರು ಮಗ್ಗಗಳಲ್ಲಿ ಒಂದೇ ನೇರಳೆ ಸೀರೆ, ಒಂದೇ ಅಂಚು, ಬೇರೆ ಬೇರೆ ಉದ್ದಕ್ಕೆ ಇಳಿದಿತ್ತು.

ಮನೆಯಲ್ಲಿ ಅವ್ವ ಕೇಳಿದಳು, “ಏನಂದಾ ಅಣ್ಣಾ?”

“ಚಲೋ ಆಗೈತಿ ಅಂದ್ರು,” ಎಂದೆ.

ಮುಂದಿನ ಸೋಮವಾರದಿಂದ ಟೈಪಿಂಗ್ ಕ್ಲಾಸಿಗೆ ಹೋದೆ. ಅಲ್ಲಿಯೂ ಯಾರೂ ಸಂದರ್ಶನ ಮಾಡಲಿಲ್ಲ, ಅಪ್ಪ ಮಾತಾಡಿಟ್ಟಿದ್ದರಲ್ಲ. ನಾಲ್ಕು ವರ್ಷ ಕಲಿಸಿದೆ. ಮಕ್ಕಳ ಹಾಳೆಗಳಲ್ಲಿ ತಪ್ಪು ಕಂಡರೆ ಕೆಂಪು ಗೆರೆ ಎಳೆದು ತಿರುಗಿ ಕೊಡುತ್ತಿದ್ದೆ, ಎರಡು ಸಲ, ಮೂರು ಸಲ. ಬಹಳ ಕಟ್ಟುನಿಟ್ಟು ಎಂದು ಅವರು ಗೊಣಗುತ್ತಿದ್ದರು.