ನನ್ನ ಪ್ರಬಂಧಕ್ಕೆ ನುಗ್ಗಿದ ಆಡು

ಎಂ.ಎ. ಕೊನೆಯ ವರ್ಷದ ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ನಮ್ಮೂರು ಸೋಮವಾರಪೇಟೆಯ ಸಂತೆಯನ್ನು. ಹುಟ್ಟಿದಾಗಿನಿಂದ ನೋಡಿದ ಸಂತೆ, ಬರೆಯುವುದೇನು ಮಹಾ ಅಂದುಕೊಂಡೆ. ಆ ಧೈರ್ಯದಲ್ಲೇ ಸಂತೆಯ ಕಡೆ ತಲೆಯನ್ನೂ ಹಾಕದೆ, ನನಗಿಂತ ಎರಡು ವರ್ಷ ಮುಂದಿದ್ದ ಅಕ್ಕ ಒಬ್ಬರು ಅದೇ ಸಂತೆಯ ಬಗ್ಗೆ ಬರೆದ ಪ್ರಬಂಧವನ್ನು ತಂದು, ಎರಡನೇ ಅಧ್ಯಾಯವನ್ನು ಇದ್ದ ಹಾಗೇ ಇಳಿಸಿಬಿಟ್ಟೆ. ಸೋಮಾರಿತನದಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆಯಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನಮ್ಮ ಮಾರ್ಗದರ್ಶಕರು ಮೆತ್ತಗೆ ಮಾತಾಡುವ ಮನುಷ್ಯ. ಕಪಾಟಿನಿಂದ ಅಕ್ಕನ ಪ್ರಬಂಧ ತೆಗೆದು ನನ್ನದರ ಪಕ್ಕ ಇಟ್ಟರು. ಕೆಂಪು ಪೆನ್ನು ಹಿಡಿದು ಸಾಲಿಗೆ ಸಾಲು ಗೆರೆ ಎಳೆದರು.

"ಇದು ನಿಮ್ಮ ಮಾತಲ್ಲ ಕಣಮ್ಮ. ಓದಿ, ಅರ್ಥ ಮಾಡ್ಕೊಳ್ಳಿ, ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಲ್ಲಿ ಬರೀರಿ. ಎಲ್ಲಿಂದ ತಗೊಂಡಿದ್ದು ಅಂತ ಅಡಿಟಿಪ್ಪಣಿ ಹಾಕಿ. ಶುಕ್ರವಾರದ ಒಳಗೆ ಸರಿಯಾಗದಿದ್ರೆ ನಾನು ಸಹಿ ಹಾಕಲ್ಲ."

ಅವರ ಸಹಿ ಇಲ್ಲದೆ ಪ್ರಬಂಧ ಸಲ್ಲಿಸುವ ಹಾಗಿಲ್ಲ. ಸಲ್ಲಿಸದಿದ್ದರೆ ಒಂದು ವರ್ಷ ನೀರುಪಾಲು. ಹೆದರಿಕೆಯಲ್ಲಿ ನನ್ನ ತಲೆಯೊಳಗೆ ಉಳಿದದ್ದು "ನಿಮ್ಮ ಮಾತಲ್ಲಿ" ಎಂಬುದೊಂದೇ.

ಮನೆಗೆ ಬಂದವಳು ನಿಘಂಟು ಹರಡಿಕೊಂಡು ಕೂತೆ. ಅಕ್ಕನ "ಸಂತೆ" ನನ್ನಲ್ಲಿ "ಸಾಪ್ತಾಹಿಕ ವಿಪಣಿ" ಆಯಿತು. "ತರಕಾರಿ ಮಾರುವ ಹೆಂಗಸರು" ಎಂಬವರು "ಶಾಕವಿಕ್ರಯನಿರತ ವನಿತೆಯರು" ಆದರು. ಉದ್ದ ವಾಕ್ಯಗಳನ್ನು ಮುರಿದೆ, ಗಿಡ್ಡವನ್ನು ಹೊಲಿದೆ, ಮೊದಲಿದ್ದುದನ್ನು ಕೊನೆಗೆ ದೂಡಿದೆ, "ಮಾಡಿದರು" ಎಂಬುದೆಲ್ಲ "ಮಾಡಲ್ಪಟ್ಟಿತು" ಆಯಿತು. ಪುಸ್ತಕವನ್ನು ಮಾತ್ರ ಒಂದು ಕ್ಷಣವೂ ಮುಚ್ಚಲಿಲ್ಲ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ, "ವಿಪಣಿ ಅಂದ್ರೆ ಏನೇ?" ಎಂದರು.

"ಸಂತೆ ಕಣಮ್ಮ."

"ಸಂತೆ ಅನ್ನಕ್ಕೆ ಏನ್ ರೋಗ?"

"ಹಂಗೇ ಬರೆದ್ರೆ ಕಾಪಿ ಆಗುತ್ತೆ."

"ಅಲ್ಲ, ಸಂತೆ ಅನ್ನೋ ಮಾತು ಆ ಹುಡುಗಿಗೆ ಅವಳಪ್ಪ ಬಳುವಳಿ ಕೊಟ್ಟಿದ್ದಾ?"

ಅಮ್ಮನಿಗೆ ಸಂಶೋಧನೆಯ ಗಂಧಗಾಳಿ ಇಲ್ಲ ಎಂದು ನನಗೆ ಸಿಟ್ಟು ಬಂತು.

ಶುಕ್ರವಾರ ಮಾರ್ಗದರ್ಶಕರು ಕೆಂಪು ಪೆನ್ನು ಹಿಡಿದೇ ಓದಿದರು. ಒಂದು ಗೆರೆಯೂ ಬೀಳಲಿಲ್ಲ. ನಾನು ಒಳಗೊಳಗೇ ಉಬ್ಬಿದೆ. ಹನ್ನೆರಡನೇ ಪುಟದಲ್ಲಿ ಅವರು ನಿಂತು, ಎರಡೂ ಪ್ರಬಂಧಗಳ ಒಂದೊಂದು ವಾಕ್ಯವನ್ನು ಜೋರಾಗಿ ಓದಿದರು. ಅಕ್ಕ ಬರೆದದ್ದು ಹೀಗಿತ್ತು: "ನನ್ನ ಪ್ರಶ್ನಾವಳಿಯ ಏಳು ಹಾಳೆಗಳನ್ನು ಮೇಕೆ ತಿಂದದ್ದರಿಂದ ಮತ್ತೆ ಸಂದರ್ಶನ ಮಾಡಬೇಕಾಯಿತು." ನನ್ನದು: "ಆಡೊಂದರಿಂದ ಅಧ್ಯಯನಕಾರ್ತಿಯ ಏಳು ಪುಟಗಳು ಭಕ್ಷಿಸಲ್ಪಟ್ಟ ಕಾರಣ ಸಂದರ್ಶನವು ಪುನಃ ಕೈಗೊಳ್ಳಲ್ಪಟ್ಟಿತು."

"ನಿಮ್ಮ ಹಾಳೇನೂ ತಿಂತಾ?"

ಶಬ್ದ ಬದಲಿಸುವ ಭರದಲ್ಲಿ ಇನ್ನೊಬ್ಬರ ಬದುಕಿನ ಮೇಕೆಯನ್ನೂ ಹೊಡೆದುಕೊಂಡು ಬಂದಿದ್ದೇನೆಂದು ನನಗೆ ಆಗಲೇ ಗೊತ್ತಾದದ್ದು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಹೌದು ಸಾರ್."

"ಏಳೇ ಹಾಳೆ?"

"ಏಳೇ ಸಾರ್."

"ಯಾವ ಬಣ್ಣದ್ದು ಅದು?"

"ಕರೀದು ಸಾರ್."

"ಮುಂದಿನ ಸಾಲಲ್ಲಿ ನೀವೇ ಶ್ವೇತವರ್ಣದ್ದು ಅಂತ ಬರೆದಿದ್ದೀರಲ್ಲ."

ನಾಚಿಕೆಯಿಂದ ಅಳು ಬಂತು. ಅವರು ಬೈಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಎರಡೂ ಪ್ರಬಂಧಗಳನ್ನು ಮುಚ್ಚಿಟ್ಟು, "ಸಂತೇಲಿ ನೀವೇ ನೋಡಿದ್ದು ಏನಾದ್ರೂ ಹೇಳಿ" ಎಂದರು.

ಮೂಗು ಒರೆಸಿಕೊಂಡು ಅಮ್ಮನ ಕಥೆ ಹೇಳಿದೆ. ಒಣಮೀನಿನ ಸಾಲು ಬಂದರೆ ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಓಡುತ್ತಾರೆ. ಆದರೆ ಅಗ್ಗದ ಬೆಳ್ಳುಳ್ಳಿಯವನು ಕೂರುವುದು ಸರಿಯಾಗಿ ಆ ಮೀನಿನ ಪಕ್ಕದಲ್ಲೇ. ಅವನು ಮಲಯಾಳದಲ್ಲಿ ಬೆಲೆ ಹೇಳುತ್ತಾನೆ, ಅಮ್ಮ ಮೂಗು ಮುಚ್ಚಿಕೊಂಡೇ ಕನ್ನಡದಲ್ಲಿ ಬಯ್ಯುತ್ತಾರೆ, ವಾರ ತಪ್ಪದೆ ವ್ಯಾಪಾರ ಕುದುರುತ್ತದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದನ್ನ ಬರೀರಿ. ಆ ಮೇಕೆ ಬೇಕೇ ಬೇಕು ಅಂದ್ರೆ, ಅದು ಯಾರದ್ದು ಅಂತ ಹೇಳಿ ಕಟ್ಟಿಹಾಕಿ. ಮಂಗಳವಾರದವರೆಗೆ ಟೈಮು."

ಸೋಮವಾರ ಅಮ್ಮನ ಚೀಲ ಹೊತ್ತು ಸಂತೆಯಲ್ಲಿ ಇಡೀ ದಿನ ಕಳೆದೆ. ರಾತ್ರಿ ಪೂರ್ತಿ ಬರೆದೆ, "ಸಂತೆ" ಎಂದೇ ಬರೆದೆ. ಮೇಕೆಯೂ ಉಳಿಯಿತು, ಅಡಿಟಿಪ್ಪಣಿಯಲ್ಲಿ ಅಕ್ಕನ ಹೆಸರು, ಪುಟಸಂಖ್ಯೆಯ ಸಮೇತ. ಮಂಗಳವಾರ ಸಹಿ ಬಿತ್ತು.

ಈಗ ಕಾಲೇಜಿನಲ್ಲಿ ನಾನೇ ಮಾರ್ಗದರ್ಶಕಿ. ಕಳೆದ ತಿಂಗಳು ಹುಡುಗಿಯೊಬ್ಬಳು ಸಂತೆಯ ಬಗ್ಗೆ ಕರಡು ತಂದುಕೊಟ್ಟಳು. ಅಡಿಟಿಪ್ಪಣಿ ಒಂದೂ ಇರಲಿಲ್ಲ. ಒಂಬತ್ತನೇ ಪುಟದಲ್ಲಿ, "ಚತುಷ್ಪಾದಿಯೊಂದರ ಹಸಿವಿಗೆ ಸಪ್ತ ಹಾಳೆಗಳು ಆಹುತಿಯಾದವು" ಎಂದಿತ್ತು.

"ಯಾವ ಬಣ್ಣದ್ದಮ್ಮಾ ಅದು?" ಎಂದೆ.

ಅವಳು "ಕರೀದು ಮೇಡಂ" ಎಂದಳು.

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.