ಅರವತ್ತರ ಪಕ್ಕದ ಎರಡು

ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಕಾಲ ಬಂತೆಂದರೆ ನನ್ನ ತಲೆ ಕೆಡುತ್ತದೆ. ತೀರ್ಥಹಳ್ಳಿಯ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುವುದು ಸುತ್ತಲಿನ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ವಾಟ್ಸಾಪಿನಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ: ಟೇಬಲ್ಲಿನಲ್ಲಿ ಎಸ್‌ಡಿ ಹಾಕುವುದೋ, ಎಸ್‌ಇ ಹಾಕುವುದೋ? ಅಂಗಡಿಯಲ್ಲಿ ಈ ಸೋಪು ಕೊಡಲೋ ಆ ಸೋಪು ಕೊಡಲೋ ಎಂದು ಕೇಳಿದ ಹಾಗೆ. ಉತ್ತರ ಬರೆದೂ ಬರೆದೂ ನನಗೆ ಸಾಕಾಗಿದೆ.

ಹೋದ ವರ್ಷ ಅದನ್ನೇ ಕೇಳಿದವರು ಹೊಸನಗರ ಕಡೆಯ ಪ್ರಾಥಮಿಕ ಶಾಲೆಯ ಒಬ್ಬ ಮೇಡಂ. ತಮ್ಮದೂ ಸೇರಿ ಸುತ್ತಲಿನ ಶಾಲೆಗಳ ನಾಲ್ಕನೇ ಕ್ಲಾಸಿನ ನೂರು ಮಕ್ಕಳನ್ನು ಓದಿಸಿ, ಒಂದು ನಿಮಿಷಕ್ಕೆ ಯಾರು ಎಷ್ಟು ಪದ ಓದುತ್ತಾರೆ ಎಂದು ಅಳೆದಿದ್ದರು. ತಮ್ಮ ಶಾಲೆಯಲ್ಲಿ ಬೆಳಗಿನ ಗಂಟೆ ಬಾರಿಸುವ ಮೊದಲು, ಓದಲು ಬಾರದ ಮಕ್ಕಳನ್ನು ಕೂರಿಸಿಕೊಂಡು ಅವರೇ ಓದಿಸುತ್ತಿದ್ದರು. ಹೆಡ್‌ಮಾಸ್ಟರಿಗೆ ಅದು ಇಷ್ಟವಿರಲಿಲ್ಲ. ಇಂಥ ತರಗತಿ ಬೇಕೇ ಬೇಕು ಎಂದು ಪ್ರಬಂಧದಲ್ಲಿ ತೋರಿಸಿದರೆ ಯಾರೂ ನಿಲ್ಲಿಸಲಾರರು ಎಂಬುದೇ ಮೇಡಮ್ಮನವರ ಆಸೆ.

ನಾನು ಫೋನಿನಲ್ಲಿ ಹೇಳದೆ, ಹಾಳೆಗಳನ್ನು ತೆಗೆದುಕೊಂಡು ಬನ್ನಿ ಅಂದೆ. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವರೇ ಬಸ್ಸು ಹತ್ತಿ ಬಂದರು. ಸ್ಟಾಫ್ ರೂಮಿನಲ್ಲಿ ಹಾಳೆಗಳಲ್ಲಿದ್ದ ಟೇಬಲ್ ತೆಗೆದು ನೋಡಿದೆ. ಸರಾಸರಿ ಅರವತ್ತು ಪದ, ಅದರ ಪಕ್ಕದಲ್ಲಿ ಪ್ಲಸ್ ಮೈನಸ್ ಎರಡು. ಆ ಎರಡು ಎಂಥದ್ದು ಎಂದು ಎಲ್ಲೂ ಬರೆದಿಲ್ಲ.

"ಎಸ್‌ಡಿ ಇಪ್ಪತ್ತು ಬಂದಿತ್ತು ಸರ್. ಗೈಡ್ ನೋಡಿ, ಇಷ್ಟು ದೊಡ್ಡದಿದ್ರೆ ವೈವಾದಲ್ಲಿ ಪ್ರಶ್ನೆ ಕೇಳ್ತಾರೆ, ಸಣ್ಣದು ಹಾಕಿ ಅಂದ್ರು" ಎಂದರು.

ಅವರ ಗೈಡ್ ಸಾಗರದ ಪ್ರೊಫೆಸರು. ನನಗೆ ಮೈಯೆಲ್ಲ ಉರಿಯಿತು. ಚಂದ ಕಾಣಲಿ ಅಂತ ಸಂಖ್ಯೆ ಆರಿಸಲು ಇದೇನು ಸೀರೆಯಾ?

ಒಂದು ಹಾಳೆ ಎಳೆದುಕೊಂಡು ಬರೆದು ತೋರಿಸಿದೆ. ಮಕ್ಕಳು ಒಬ್ಬರಿಂದೊಬ್ಬರು ಎಷ್ಟು ಬೇರೆ ಎಂದು ಹೇಳುವುದು ಎಸ್‌ಡಿ, ಅಂದರೆ ಮಾನಕ ವಿಚಲನೆ. ಇಪ್ಪತ್ತು ಎಂದರೆ ನಲವತ್ತು ಓದುವವರೂ ಎಂಬತ್ತು ಓದುವವರೂ ಅಲ್ಲಿ ಮಾಮೂಲು, ಅದಕ್ಕಿಂತ ಆಚೆಯೂ ಕೆಲವರಿದ್ದಾರೆ. ಇನ್ನು ನಿಮ್ಮ ಸರಾಸರಿಯನ್ನು ಎಷ್ಟು ನಂಬಬಹುದು ಎಂದು ಹೇಳುವುದು ಎಸ್‌ಇ, ಮಾನಕ ದೋಷ. ಇದೇ ರೀತಿ ಬೇರೆ ನೂರು ಮಕ್ಕಳನ್ನು ಆರಿಸಿ ಓದಿಸಿದ್ದರೆ ಸರಾಸರಿ ಎಷ್ಟು ಅತ್ತಿತ್ತ ಆಗುತ್ತಿತ್ತು ಎಂಬ ಅಂದಾಜು ಅದು. ಎಸ್‌ಡಿಯನ್ನು ಮಕ್ಕಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಬರುತ್ತದೆ. ನೂರರ ವರ್ಗಮೂಲ ಹತ್ತು, ಇಪ್ಪತ್ತನ್ನು ಹತ್ತರಿಂದ ಭಾಗಿಸಿದರೆ ಎರಡು. ನಾನೂರು ಮಕ್ಕಳನ್ನು ಅಳೆದಿದ್ದರೆ ಅದು ಒಂದರ ಹತ್ತಿರಕ್ಕೆ ಇಳಿಯುತ್ತಿತ್ತು. ಹಾಗಂತ ಮಕ್ಕಳೆಲ್ಲ ಒಂದೇ ಸಮ ಓದಲು ಶುರು ಮಾಡುವುದಿಲ್ಲವಲ್ಲ.

"ನಿಮ್ಮಲ್ಲಿ ಎಲ್ಲಕ್ಕಿಂತ ಕಮ್ಮಿ ಓದಿದ್ದು ಯಾರು?" ಎಂದು ಕೇಳಿದೆ.

"ಹದಿನೈದು ಪದ ಓದಿದ ಒಬ್ಬಳಿದ್ದಾಳೆ ಸರ್. ನಮ್ ಶಾಲೆಯವಳೇ. ಬೆಳಿಗ್ಗೆ ನನಗಿಂತ ಮುಂಚೆ ಬಂದು ಕೂತಿರ್ತಾಳೆ."

"ಅರವತ್ತು, ಪ್ಲಸ್ ಮೈನಸ್ ಎರಡು ಅಂತ ಓದಿದವರಿಗೆ ಅವಳು ಕಾಣ್ತಾಳಾ ಮೇಡಂ?"

ಅವರು ಕೊನೆಯ ಅಧ್ಯಾಯ ತೆಗೆದು ನನ್ನ ಮುಂದಿಟ್ಟರು. ಮಕ್ಕಳ ಓದಿನಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ, ಪ್ರತ್ಯೇಕ ತರಗತಿಯ ಅಗತ್ಯ ಕಂಡುಬಂದಿಲ್ಲ ಎಂದಿತ್ತು. ಗೈಡೇ ಹೇಳಿ ಬರೆಸಿದ ಸಾಲಂತೆ. ಎಸ್‌ಡಿ ಹಾಕಿ, ಈ ಸಾಲು ಹೊಡೆದು ಹಾಕಿ, ಇಲ್ಲದಿದ್ದರೆ ನೀವು ಅಳೆದದ್ದೆಲ್ಲ ದಂಡ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದೆ.

ಅವರು ಸಾಗರಕ್ಕೆ ಹೋಗಿ ಕೇಳಿದರು, ಪಾಪ. ಸಹಿ ಬೇಕೋ ಎಸ್‌ಡಿ ಬೇಕೋ ಎಂದು ಗೈಡ್ ಕೇಳಿದರಂತೆ. ಪ್ರಬಂಧ ಸಲ್ಲಿಸಲು ಹೆಚ್ಚುವರಿಯಾಗಿ ಕೊಟ್ಟ ಅವಧಿಯೂ ಮುಗಿಯುತ್ತ ಬಂದಿತ್ತು. ಎರಡು ಎರಡಾಗಿಯೇ ಉಳಿಯಿತು, ಆ ಸಾಲೂ ಉಳಿಯಿತು. ವೈವಾದಲ್ಲಿ ಒಬ್ಬರೂ ಕೇಳಲಿಲ್ಲವಂತೆ. ಡಿಗ್ರಿ ಬಂತು, ಶಾಲೆಯಲ್ಲಿ ಶಾಲು ಹೊದಿಸಿದರು. ಮೇಡಮ್ಮನವರು ಸಂಪ್ರದಾಯದಂತೆ ಹೆಡ್‌ಮಾಸ್ಟರಿಗೆ ಪ್ರಬಂಧದ ಒಂದು ಪ್ರತಿ ಕೊಟ್ಟರು.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಅವರ ಫೋನು ಬಂತು. ಅಭಿನಂದನೆ ಹೇಳುವುದಕ್ಕೂ ನನಗೆ ಮನಸ್ಸಿರಲಿಲ್ಲ. ಬೆಳಗಿನ ತರಗತಿ ನಡೀತಿದೆಯಾ ಎಂದು ಕೇಳಿದೆ.

"ಇಲ್ಲ ಸರ್. ಹೆಡ್‌ಮಾಸ್ಟರು ನನ್ನ ಪುಸ್ತಕದ್ದೇ ಕೊನೇ ಪುಟ ತೆಗೆದು ಓದಿ ಹೇಳಿದ್ರು. ನೀವೇ ಬೇಡ ಅಂತ ಬರ್ದಿದ್ದೀರಲ್ಲ ಮೇಡಂ, ಅಂದ್ರು."

ಆ ಹುಡುಗಿ ಏನು ಮಾಡ್ತಾಳೆ ಅಂದೆ.

"ಈಗಲೂ ಬೇಗ ಬರ್ತಾಳೆ ಸರ್," ಎಂದರು. "ಬಾಗಿಲು ಹಾಕಿರ್ತದೆ."